ಎಕ್ಸ್‌ನಲ್ಲಿ ದಿನಕ್ಕೊಂದು ಕಂತಿನ ಕತೆ: ಐದನೇ ಕಂತನ್ನು ಎಲ್ಲಿ ನಿಲ್ಲಿಸಲಿ?

ತುಂಗೆಯಂಚು

ಹನ್ನೆರಡು ಕಂತಿನ ಒಂದು ಕತೆ ಎಕ್ಸ್‌ನಲ್ಲಿ ಹಾಕುತ್ತಿದ್ದೇನೆ. ದಿನಾ ರಾತ್ರಿ 9.30ಕ್ಕೆ ಒಂದೇ ಪೋಸ್ಟ್, 280 ಅಕ್ಷರದೊಳಗೆ. ಶಿವಮೊಗ್ಗದ ಒಂದು ಅಡಿಕೆ ಮಂಡಿ, ಅಲ್ಲಿನ ರಾತ್ರಿ ಕಾವಲುಗಾರ. ಅವನು ಕಾವಲು ಪುಸ್ತಕದಲ್ಲಿ ಬರೆದಿಡುವ ಸಾಲುಗಳೇ ಕತೆ, ಬೇರೆ ನಿರೂಪಣೆ ಇಲ್ಲ. ನಾಲ್ಕು ಕಂತು ಆಗಿದೆ. ಮೂರನೇ ಗೋದಾಮಿನ ಮೂಟೆ ಲೆಕ್ಕ ಸಂಜೆ 212, ಸಾಹುಕಾರರ ಸಹಿ ಬಿದ್ದಿದೆ, ನಾಲ್ಕನೇ ಕಂತಿನಲ್ಲಿ ನಾಯಿ ಕಾಣೆಯಾಗಿದೆ. ನಾಳೆ ಹಾಕಬೇಕಾದ ಐದನೆಯದು ಹೀಗಿದೆ:

"ರಾತ್ರಿ 1.20. ಮೂರನೇ ಗೋದಾಮಿನಿಂದ ವಿಚಿತ್ರವಾದ ಶಬ್ದವೊಂದು ಕೇಳಿಬರುತ್ತಿತ್ತು. ನನ್ನ ಎದೆ ನಗಾರಿಯಂತೆ ಬಡಿದುಕೊಳ್ಳತೊಡಗಿತು. ನಡುಗುವ ಕೈಗಳಿಂದ ಬೀಗ ತೆರೆದು, ಟಾರ್ಚ್ ಬೆಳಕಿನಲ್ಲಿ ಒಳಗೆ ನೋಡಿದರೆ… (ಸಶೇಷ)"

ಎರಡು ಪ್ರಶ್ನೆ. ಒಂದು, ನಿಲ್ಲಿಸಿದ ಜಾಗ ಸರಿಯಿದೆಯಾ? ಎರಡು, ಓದಿದವರೊಬ್ಬರು "ಇದು ಅದೇ ಮನುಷ್ಯ ಬರೆದ ಹಾಗಿಲ್ಲ" ಅಂದರು. ಯಾಕೆ ಹಾಗನ್ನಿಸುತ್ತೆ?

ಕುಡ್ಲ ಕಡಲು

ಮೊದಲು ಒಂದು ಲೆಕ್ಕದ ವಿಷಯ ಮಾರಾಯ್ರೇ. ಕನ್ನಡದ ಒಂದು ಅಕ್ಷರ ಅಲ್ಲಿ ಎರಡು ಅಂತ ಎಣಿಕೆ ಆಗ್ತದೆ. ಚೀನಿ, ಜಪಾನಿ ಭಾಷೆಯ ಹಾಗೆಯೇ. ಅಂದರೆ ನಿಮಗೆ ಸಿಗುವುದು 140 ಮಾತ್ರ. ಪ್ರತಿ ಕಂತನ್ನೂ ಎರಡು ಪೋಸ್ಟ್ ಮಾಡಿ, ಇಷ್ಟು ಬಿಗಿ ಹಿಡಿಯುವ ಅಗತ್ಯ ಉಂಟಾ?

ಎಣಿಕೆಪಟ್ಟಿ

ಅರ್ಧ ಸರಿ. ಚೀನಿ, ಜಪಾನಿ, ಕೊರಿಯನ್ ಅಕ್ಷರಗಳಿಗೆ ಎರಡು ಅಂತ ಎಣಿಸುವುದು ನಿಜ. 2017ರ ನವೆಂಬರಿನಲ್ಲಿ ಮಿತಿ 140ರಿಂದ 280ಕ್ಕೆ ಏರಿದಾಗ ಆ ಭಾಷೆಗಳು 140ರಲ್ಲೇ ಉಳಿದವು. ಕನ್ನಡ ಆ ಗುಂಪಿನಲ್ಲಿ ಇಲ್ಲ, ಇಲ್ಲಿ ಒಂದಕ್ಕೆ ಒಂದೇ.

ಆದರೆ "ಒಂದು" ಅಂದರೆ ನಾವು ಬಾಯಲ್ಲಿ ಹೇಳುವ ಅಕ್ಷರ ಅಲ್ಲ. ಮೂಲ ವ್ಯಂಜನ ಒಂದು, ಅದಕ್ಕೆ ಹತ್ತಿದ ಗುಣಿತದ ಚಿಹ್ನೆ ಇನ್ನೊಂದು, ಒತ್ತಕ್ಷರ ಬಂದರೆ ನಡುವಿನ ಅರ್ಧಾಕ್ಷರದ ಚಿಹ್ನೆಯೂ ಒಂದು. "ಕಿಟಕಿ" ಕಣ್ಣಿಗೆ ಮೂರು ಅಕ್ಷರ, ಎಣಿಕೆಯಲ್ಲಿ ಐದು. "ಸ್ತ್ರೀ" ಕಣ್ಣಿಗೆ ಒಂದು, ಎಣಿಕೆಯಲ್ಲಿ ಆರು. ಹಾಗಾಗಿ 280ರಲ್ಲಿ ಸುಮಾರು ಮೂವತ್ತೈದು ಪದ ಹಿಡಿಯುತ್ತದೆ, ಸಂಸ್ಕೃತದ ಒತ್ತು ಜಾಸ್ತಿ ಇದ್ದರೆ ಇನ್ನೂ ಕಡಿಮೆ. ಪೋಸ್ಟ್ ಮಾಡುವ ಮುಂಚೆ ಕಂಪ್ಯೂಟರಿನಲ್ಲಿ ನೋಡಿಕೊಳ್ಳಬೇಕಾದರೆ:

```python
import unicodedata
s = open("kantu5.txt", encoding="utf-8").read().strip()
print(len(unicodedata.normalize("NFC", s)))
```

ಎರಡನೇ ಆಮದು ಸಾಲಿಲ್ಲದೆ ಬರೀ `len(s)` ಹಾಕಬೇಡಿ. "ಕೊ", "ಕೋ" ತರಹದ ಗುಣಿತವನ್ನು ಕೆಲವು ಕೀಲಿಮಣೆಗಳು ತುಂಡು ತುಂಡಾಗಿ ಬರೆಯುತ್ತವೆ, ಎಕ್ಸ್ ಅದನ್ನು ಜೋಡಿಸಿ ಎಣಿಸುತ್ತದೆ. ಇನ್ನೊಂದು, ನೀವು ಹಾಕಿರುವ "…" ಎಂಬ ಒಂದೇ ಚಿಹ್ನೆಗೆ ಎರಡು ಅಂತ ಎಣಿಕೆ. ₹ ಚಿಹ್ನೆಗೂ, ಇಮೋಜಿಗೂ ಎರಡೇ. ಮೇಲಿನ ಲೆಕ್ಕಕ್ಕೆ ಆ ಹೆಚ್ಚಿನ ಒಂದನ್ನು ಕೈಯಾರೆ ಸೇರಿಸಿಕೊಳ್ಳಿ.

ಎಣಿಕೆಪಟ್ಟಿ

ತಿದ್ದುಪಡಿ: "ಎರಡನೇ ಆಮದು ಸಾಲು" ಅಂತ ಬರೆದೆ, ಆಮದು ಸಾಲು ಇರುವುದೇ ಒಂದು. `normalize` ಬಿಡಬೇಡಿ ಅಂತ ಓದಿಕೊಳ್ಳಿ.

ಕರಡುಕೈ

ಲೆಕ್ಕ ಅಲ್ಲಿಗಿರಲಿ, ತುಂಗೆಯಂಚು ಅವರ ಎರಡನೇ ಪ್ರಶ್ನೆ ಮೊದಲು ನೋಡೋಣ, ಏಕೆಂದರೆ ಮೊದಲನೆಯದರ ಉತ್ತರ ಅದರಲ್ಲೇ ಇದೆ.

ಮೊದಲ ನಾಲ್ಕು ಕಂತು ಹೋಗಿ ಓದಿದೆ. ಅಲ್ಲಿ ನಿಮ್ಮ ಕಾವಲುಗಾರ "ಪಾಳಿ ತಗಂಡೆ", "ಬೀಗ ಸರಿ ಐತೆ", "ನಾಯಿಗೆ ಅನ್ನ ಇಟ್ಟೆ" ಅಂತ ಬರೆಯುವವನು. "ನಾನು" ಅನ್ನುವ ಪದವನ್ನೇ ಬಳಸುವುದಿಲ್ಲ. ಹೋಲಿಕೆ ಕೊಡುವುದಿಲ್ಲ. ಹೆದರಿದೆ ಅಂತ ಹೇಳುವುದಿಲ್ಲ. ಹೆದರಿದಾಗ ಬೀಗವನ್ನು ಎರಡು ಸಲ ನೋಡುತ್ತಾನೆ, ಅಷ್ಟೇ. ಅದು ತುಂಬಾ ಒಳ್ಳೆಯ ದನಿ. ಐದನೇ ಕಂತಿನಲ್ಲಿ ಅವನ ಕೈಯಿಂದ ಪೆನ್ನು ಕಿತ್ತುಕೊಂಡು ನೀವೇ ಬರೆದಿದ್ದೀರಿ. "ಕೇಳಿಬರುತ್ತಿತ್ತು", "ಬಡಿದುಕೊಳ್ಳತೊಡಗಿತು" ಇವು ಅವನ ಕ್ರಿಯಾಪದಗಳಲ್ಲ. "ವಿಚಿತ್ರವಾದ ಶಬ್ದ" ಅವನು ಅನ್ನುವುದಿಲ್ಲ, ಯಾವ ಸದ್ದು ಅಂತ ಅವನಿಗೆ ಗೊತ್ತಿರುತ್ತದೆ. ಮಂಡಿಯಲ್ಲಿ ವರ್ಷಗಟ್ಟಲೆ ಇದ್ದವನು "ಮೂಟೆ ಎಳ್ದಂಗೆ ಸದ್ದು" ಅಂತಾನೆ. ನಗಾರಿಯನ್ನಂತೂ ಬಿಟ್ಟೇಬಿಡಿ.

ಇನ್ನು ನಿಲ್ಲಿಸಿದ ಜಾಗ. "ನೋಡಿದರೆ…" ಅಂತ ನಿಲ್ಲಿಸಿದ್ದೀರಿ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುವುದರಿಂದ "-ದರೆ" ಅಂತ ಅರ್ಧಕ್ಕೆ ಕತ್ತರಿಸುವುದು ಸುಲಭ, ಎಲ್ಲರೂ ಅಲ್ಲೇ ಕತ್ತರಿಸುತ್ತಾರೆ. ಆದರೆ ನಿಮ್ಮ ಕತೆ ಕಾವಲು ಪುಸ್ತಕ. ನೋಡಿ ಆದ ಮೇಲೆ ತಾನೇ ಅವನು ಬಂದು ಬರೆಯುವುದು? ಬರೆಯುವ ಹೊತ್ತಿಗೆ ಏನು ಕಂಡಿತು ಅಂತ ಅವನಿಗೆ ಗೊತ್ತು. ಗೊತ್ತಿದ್ದೂ "ನೋಡಿದರೆ…" ಅಂತ ಬರೆದು ಪುಸ್ತಕ ಮುಚ್ಚಿಡುವ ಕಾವಲುಗಾರ ಇಲ್ಲ. ಅಲ್ಲಿ ಓದುಗನಿಗೆ ಕಾಣುವುದು ಲೇಖಕ ಏನನ್ನೋ ಮುಚ್ಚಿಟ್ಟುಕೊಂಡ ಕೈ. ವಾಕ್ಯ ಮುಗಿಸಿ. ಕಂಡದ್ದನ್ನು ಹೇಳಿಬಿಡಿ. ಕಂಡದ್ದೇ ಪ್ರಶ್ನೆಯಾಗಬೇಕು.

ಸುತ್ತೂರ ಗಾಳಿ

ಇದನ್ನು ರೀಲ್ಸ್ ಮಾಡಿ ಸರ್. ಒಳ್ಳೆ ಗಡಸು ದನಿಯವರ ಹತ್ತಿರ ಓದಿಸಿ, ಹಿಂದೆ ಮಳೆ ಸದ್ದು ಹಾಕಿದರೆ ಚೆನ್ನಾಗಿ ಓಡುತ್ತೆ. ಒಂದೊಂದು ಕಂತು 40 ಸೆಕೆಂಡ್ ಇರಲಿ.

ತುಂಗೆಯಂಚು

ಧನ್ಯವಾದ, ಆದರೆ "ದನಿ" ಅಂದದ್ದು ಓದುವ ಕಂಠ ಅಲ್ಲ, ಬರವಣಿಗೆಯಲ್ಲಿ ಕೇಳುವ ಮಾತಿನ ರೀತಿ. ಇದು ಓದುವುದಕ್ಕೇ ಇರುವ ಕತೆ.

@ಕರಡುಕೈ "ನಾನು" ಇಲ್ಲ ಅನ್ನುವುದನ್ನು ನಾನೇ ಗಮನಿಸಿರಲಿಲ್ಲ. ಮುಂದಿನ ಕಂತುಗಳಲ್ಲಿ ಅದನ್ನು ಕಾಪಾಡಿಕೊಳ್ಳುವುದು ಹೇಗೆ?

ಹಾವೇರಿ ಬಿಸಿಲು

ಕಾವಲುಗಾರ ಅಂದ್ರ ನಮ್ಮ ಕಡಿಯಾಂವ ಇರಬೇಕಲ್ರೀ? "ಐತೆ" ಅಲ್ಲ, "ಐತಿ" ಆಗಬೇಕು. "ತಗಂಡೆ" ಅಲ್ಲ, "ತಗೊಂಡೆ". ನಾಲ್ಕೂ ಕಂತು ತಪ್ಪದಾವ.

ತುಂಗೆಯಂಚು

ಇಲ್ಲ ರೀ, ಅವನು ಚಳ್ಳಕೆರೆ ಕಡೆಯವನು. ಎರಡನೇ ಕಂತಿನಲ್ಲಿ "ಊರಿಗೆ ಹೋಗಿ ಆರು ತಿಂಗ್ಳಾತು" ಅನ್ನುವಲ್ಲಿ ಚಳ್ಳಕೆರೆ ಬಸ್ಸು ಬರುತ್ತೆ. ಆ ಕಡೆ "ಐತೆ"ಯೇ.

ಹಾವೇರಿ ಬಿಸಿಲು

ಹಂಗಾದ್ರ ಸರಿ. ಆದ್ರ "ತಿಂಗ್ಳಾತು" ಅಂತ ಬರದಾಂವ ಮುಂದ "ಆಯ್ತು" ಅನಬಾರದ್ ನೋಡ್ರಿ.

ಕರಡುಕೈ

ಹಾವೇರಿಯವರು ಹೇಳಿದ್ದೇ ನಿಮ್ಮ ಪ್ರಶ್ನೆಗೆ ಉತ್ತರ. ಒಂದು ಹಾಳೆಯಲ್ಲಿ ಆ ಮನುಷ್ಯನ ಹತ್ತೋ ಹನ್ನೆರಡೋ ಪದ ಬರೆದಿಟ್ಟುಕೊಳ್ಳಿ: ಐತೆ, ಆತು, ತಗಂಡೆ, ಎಳ್ದಂಗೆ, ಹೊತ್ತಾರೆ, ಸಾಹುಕಾರ್ರು. ಅದರ ಕೆಳಗೆ ಅವನು ಎಂದೂ ಮಾಡದ್ದು ಬರೆಯಿರಿ: "ನಾನು" ಇಲ್ಲ, ಹೋಲಿಕೆ ಇಲ್ಲ, ಪ್ರಶ್ನೆ ಚಿಹ್ನೆ ಇಲ್ಲ, ಯಾವ ಸಾಲೂ ಹೊತ್ತು ನಮೂದಿಸದೆ ಶುರುವಾಗುವುದಿಲ್ಲ. ಹನ್ನೆರಡೂ ಕಂತನ್ನು ಒಂದೇ ಕಡತದಲ್ಲಿ ಇಟ್ಟು, ಹಾಕುವ ಮುಂಚೆ "ಇದೆ", "ಆಯಿತು", "ತೊಡಗಿ" ಎಂಬ ಮೂರನ್ನು ಹುಡುಕಿ ನೋಡಿ. ದನಿ ಜಾರುವುದು ಬಹುಪಾಲು ಈ ಸಣ್ಣ ಪದಗಳಲ್ಲಿ, ದೊಡ್ಡ ವಾಕ್ಯದಲ್ಲಿ ಅಲ್ಲ. ಅದೂ ಕತೆ ಬಿಸಿಯೇರುವ ಕಂತಿನಲ್ಲೇ ಜಾರುತ್ತದೆ, ಏಕೆಂದರೆ ಭಯ ಹುಟ್ಟಿಸುವ ಆತುರದಲ್ಲಿ ನಮಗೆ ಪುಸ್ತಕದ ಕನ್ನಡ ನೆನಪಾಗುತ್ತದೆ.

ದನಿಯೇ ಅಳತೆಯಿಂದ ಹುಟ್ಟುವುದೂ ಉಂಟು. 2012ರಲ್ಲಿ ಜೆನಿಫರ್ ಈಗನ್ ಅವರ "ಬ್ಲ್ಯಾಕ್ ಬಾಕ್ಸ್" ಕತೆಯನ್ನು ನ್ಯೂಯಾರ್ಕರ್ ಪತ್ರಿಕೆ ಟ್ವಿಟರಿನಲ್ಲಿ ಹತ್ತು ರಾತ್ರಿ, ದಿನಕ್ಕೊಂದು ಗಂಟೆಯಂತೆ ಹರಿಸಿತು. ಅದು ಗೂಢಚಾರಿಣಿಯೊಬ್ಬಳು ದಾಖಲಿಸುವ ಸೂಚನೆಗಳ ರೂಪದಲ್ಲಿತ್ತು. ಸೂಚನೆ ಅಂದರೆ ಚಿಕ್ಕದಾಗಿಯೇ ಇರಬೇಕು, ಒಂದೊಂದೂ ತನ್ನಷ್ಟಕ್ಕೆ ನಿಲ್ಲಬೇಕು. 140 ಅಕ್ಷರದ ಬಿಗಿ ಅಲ್ಲಿ ಕೊರತೆ ಅನ್ನಿಸಲಿಲ್ಲ. ನಿಮ್ಮ ಕಾವಲು ಪುಸ್ತಕವೂ ಅಂಥದ್ದೇ ಆಯ್ಕೆ.

ಹಳೇ ಸಂಚಿಕೆ

"-ದರೆ" ಅಂತ ನಿಲ್ಲಿಸುವುದನ್ನು ಇಷ್ಟು ಬೈಯಬೇಕಾಗಿಲ್ಲ. ಸುಧಾ, ತರಂಗಗಳಲ್ಲಿ ಧಾರಾವಾಹಿ ಓದಿ ಬೆಳೆದವರಿಗೆ ಅದೇ ರುಚಿ. "ಬಾಗಿಲು ತೆರೆದಾಗ…" ಅಂತ ಮುಗಿಯೋದು, ಕೆಳಗೆ "ಸಶೇಷ", ಒಂದು ವಾರ ಮನೆಮಂದಿಯೆಲ್ಲ ಅದನ್ನೇ ಮಾತಾಡೋದು. ಕೆಲಸ ಮಾಡುತ್ತಿತ್ತಲ್ಲ?

ಕರಡುಕೈ

ಮಾಡುತ್ತಿತ್ತು, ಒಪ್ಪುತ್ತೇನೆ. ಆದರೆ ಅಲ್ಲಿ ಒಂದು ಕಂತಿಗೆ ಮೂರು ನಾಲ್ಕು ಪುಟ ಇರುತ್ತಿತ್ತು. ಅಷ್ಟು ಓದಿ, ಪಾತ್ರದ ಜೊತೆ ಕೂತು, ಕೊನೆಯ ಸಾಲಿಗೆ ಬಂದಾಗ ಅರ್ಧ ವಾಕ್ಯವೂ ಹಿಡಿಯುತ್ತದೆ. ಇಲ್ಲಿ ಇಡೀ ಕಂತೇ ಮೂವತ್ತೈದು ಪದ. ಅದರಲ್ಲಿ ಕೊನೆಯ ಆರು ಪದ ಏನನ್ನೂ ಹೇಳದೆ ನಿಂತರೆ ಆ ದಿನ ಓದುಗನ ಕೈಗೆ ಏನೂ ಬರಲಿಲ್ಲ. ಇನ್ನೊಂದು ವ್ಯತ್ಯಾಸ: ವಾರಪತ್ರಿಕೆ ತೆರೆದವನು ಧಾರಾವಾಹಿ ಹುಡುಕಿಕೊಂಡು ಬಂದವನು. ಇಲ್ಲಿ ನಿಮ್ಮ ಐದನೇ ಕಂತು ಕ್ರಿಕೆಟ್ ಸ್ಕೋರಿಗೂ ಯಾರದೋ ಜಗಳಕ್ಕೂ ನಡುವೆ ಒಂಟಿಯಾಗಿ ಬಂದು ನಿಲ್ಲುತ್ತದೆ. ಹಿಂದಿನ ನಾಲ್ಕನ್ನು ಓದದವನಿಗೂ ಅದೊಂದೇ ಸಾಕಷ್ಟು ಕತೆಯಾಗಿರಬೇಕು.

ಹಳೇ ಸಂಚಿಕೆ

ಹಾಗಾದರೆ "ಸಶೇಷ"ವೂ ಬೇಡವಾ? ಅದನ್ನು ಬಿಟ್ಟುಕೊಡಲು ನನಗೆ ಮನಸ್ಸಿಲ್ಲ.

ಎಣಿಕೆಪಟ್ಟಿ

ಕಂಸ ಸೇರಿ ಅದು ಆರು, ಮುಂದಿನ ಖಾಲಿ ಜಾಗ ಸೇರಿಸಿದರೆ ಏಳು. ಭರಿಸಬಹುದು. ಆದರೆ ಕಾವಲು ಪುಸ್ತಕದಲ್ಲಿ ಯಾರು ಸಶೇಷ ಬರೆಯುತ್ತಾರೆ?

ಮಂಡಿ ಲೆಕ್ಕ

ಮಂಡಿ ವ್ಯವಹಾರ ತಿಳಿದವನಾಗಿ ಒಂದೆರಡು ವಿಷಯ. ಗೋದಾಮಿನಲ್ಲಿ ಮೂಟೆ ಸುಮ್ಮನೆ ರಾಶಿ ಬಿದ್ದಿರುವುದಿಲ್ಲ, ಸಾಲಾಗಿ ಅಟ್ಟಿ ಹಾಕಿರುತ್ತಾರೆ. ಹಾಗಾಗಿ ಕಾವಲುಗಾರ ಒಂದೊಂದೇ ಮುಟ್ಟಿ ಎಣಿಸಬೇಕಿಲ್ಲ, ಸಾಲು ಮತ್ತು ಎತ್ತರ ನೋಡಿ ಲೆಕ್ಕ ಹಿಡಿಯುತ್ತಾನೆ. ಒಂದು ಹೆಚ್ಚಾದರೆ ಅದು ಅಟ್ಟಿಯಿಂದ ಹೊರಗೆ ಒಂಟಿಯಾಗಿ ಕಾಣುತ್ತದೆ. ಇದು ನಿಮಗೆ ಉಪಯೋಗಕ್ಕೆ ಬರಬಹುದು. ಇನ್ನು ಮೂಟೆ ಬಾಯಿ ಹೊಲಿಯುವುದು ದಬ್ಬಣ ಮತ್ತು ಸುತ್ಲಿ ದಾರದಲ್ಲಿ. ಹೊಲಿಗೆಯ ಗಂಟು ಯಾವಾಗಲೂ ಹೊರಗೆ ಕಾಣುತ್ತದೆ.

ಎರಡನೇ ಕಂತಿನಲ್ಲಿ "ಅಡಿಕೆ ವಾಸನೆ" ಅಂತ ಮಾತ್ರ ಬರೆದಿದ್ದೀರಿ. ಯಾವ ಅಡಿಕೆ? ರಾಶಿಯಾ, ಬೆಟ್ಟೆಯಾ, ಗೊರಬಲಾ? ಅಲ್ಲಿರುವವನು ಹೆಸರು ಹಿಡಿದೇ ಬರೆಯುತ್ತಾನೆ.

ಕುಡ್ಲ ಕಡಲು

ನಮ್ಮಲ್ಲಿ ಇದ್ಯಾವುದೂ ಇಲ್ಲ, ಚಾಲಿ ಅಡಿಕೆ. ಬೇಯಿಸುವುದೇ ಇಲ್ಲ, ಒಣಗಿಸಿ ಸುಲಿಯುವುದು.

ಮಂಡಿ ಲೆಕ್ಕ

ಹೌದು, ಕರಾವಳಿಯ ಚಾಲಿಯೇ ಬೇರೆ, ಮಲೆನಾಡಿನ ಕೆಂಪಡಿಕೆಯೇ ಬೇರೆ. ವಾಸನೆಯಲ್ಲೂ ವ್ಯತ್ಯಾಸ ಇದೆ.

ಕರಡುಕೈ

ಮಂಡಿ ಲೆಕ್ಕದವರೇ, "ಹೊಲಿಗೆಯ ಗಂಟು ಹೊರಗೆ ಕಾಣುತ್ತದೆ" ಅಂದಿರಲ್ಲ, ಕಂತಿನ ಕೊನೆ ಅಲ್ಲೇ ಸಿಕ್ಕಿತು. ತುಂಗೆಯಂಚು ಅವರೇ, ನಿಮ್ಮ ಮನುಷ್ಯನ ಮಾತಿನಲ್ಲಿ ಹೀಗೆ ನೋಡಿ:

"1.20. ಮೂರನೇ ಗೋದಾಮಲ್ಲಿ ಮೂಟೆ ಎಳ್ದಂಗೆ ಸದ್ದು. ಬೀಗ ಸರಿ ಐತೆ. ತಗ್ದೆ. ಟಾರ್ಚ್ ಬಿಟ್ಟೆ. ಯಾರೂ ಇಲ್ಲ. ಮೂಟೆ ಎಣಿಸ್ದೆ. 213. ಸಂಜೆ 212 ಇತ್ತು, ಸಾಹುಕಾರ್ರ ಸಹಿ ಐತೆ. ಮತ್ತೆ ಎಣಿಸ್ದೆ. 213. ಕೊನೇ ಸಾಲಲ್ಲಿ ಒಂದು ಹೊಸಾದು. ಬಾಯಿ ಹೊಲ್ದೈತೆ. ಹೊಲಿಗೆ ಒಳಗಿಂದ ಹಾಕೈತೆ."

ಮೂರು ಕೆಲಸ ಆಗಿದೆ. ಒಂದು, ಬಾಗಿಲು ತೆಗೆದು ಕಂಡದ್ದೆಲ್ಲ ಹೇಳಿದ್ದಾನೆ, ಏನೂ ಮುಚ್ಚಿಟ್ಟಿಲ್ಲ. ಎರಡು, "ಸಂಜೆ 212 ಇತ್ತು" ಅನ್ನುವ ಸಾಲು ಹೊಸಬರಿಗೆ ಹಿಂದಿನ ಕತೆ ತಿಳಿಸುತ್ತದೆ. "ಇಲ್ಲಿಯವರೆಗೆ" ಅಂತ ಬೇರೆ ಹಾಕಬೇಕಿಲ್ಲ, ಲೆಕ್ಕ ಒಪ್ಪಿಸುವುದು ಅವನ ಕೆಲಸವೇ. ಮೂರು, ಕಳ್ಳತನದ ಕತೆ ಅಂದುಕೊಂಡಿದ್ದವರಿಗೆ ಮೂಟೆ ಕಡಿಮೆಯಾಗುವ ಬದಲು ಹೆಚ್ಚಾಗಿದೆ. ಕೊನೆಯ ಪದದ ತನಕ ಓದದೆ ವಿಷಯ ತಿಳಿಯುವುದಿಲ್ಲ, ಆದರೂ ವಾಕ್ಯ ಪೂರ್ತಿಯಾಗಿದೆ.

ಎಣಿಕೆಪಟ್ಟಿ

ಎಣಿಸಿದೆ, 224. ಇನ್ನೂ 56 ಉಳಿಯಿತು. ಆಡುಮಾತಿನ ಕ್ರಿಯಾಪದದ ಲಾಭ ಇದು. "ಬಡಿದುಕೊಳ್ಳತೊಡಗಿತು" ಒಂದೇ ಪದಕ್ಕೆ 17 ಹೋಗುತ್ತದೆ, "ತಗ್ದೆ"ಗೆ ಐದು.

ಹಳೇ ಸಂಚಿಕೆ

ಮೈ ಜುಮ್ಮೆಂದಿತು. "-ದರೆ" ಪಕ್ಷ ಬಿಟ್ಟೆ.

ಬೆಳ್ಳಿ ಬೆಳಗು

ಒಂದು ತಕರಾರು. ಹೀಗೆ ಹನ್ನೆರಡು ದಿನವೂ ಕೊನೆಯ ಸಾಲಿನಲ್ಲಿ ಬಾಂಬ್ ಇಟ್ಟರೆ ಏಳನೇ ದಿನದ ಹೊತ್ತಿಗೆ ಓದುಗ ಕೊನೆಯ ಸಾಲನ್ನೇ ಮೊದಲು ಓದುತ್ತಾನೆ. ಪೋಸ್ಟ್ ಚಿಕ್ಕದು, ಕಣ್ಣು ಹಾರಿಸಿದರೆ ಸಾಕು. ಧಾರಾವಾಹಿಗಳು ಸೊರಗುವುದೇ ಅಲ್ಲಿ.

ಕರಡುಕೈ

ತಕರಾರಿಗೆ ಅರ್ಥವಿದೆ. ಅದಕ್ಕೆ ನಾನು ನೋಡುವುದು ಬಾಕಿ ಲೆಕ್ಕ. ಒಂದು ಹಾಳೆಯಲ್ಲಿ ಎಡಕ್ಕೆ ಆ ಕಂತು ಎತ್ತಿದ ಪ್ರಶ್ನೆ, ಬಲಕ್ಕೆ ಅದು ತೀರಿಸಿದ ಪ್ರಶ್ನೆ. ಈ ಕತೆಯಲ್ಲಿ ನಾಲ್ಕು ನಾಯಿ ಎಲ್ಲಿ ಅಂತ ಎತ್ತಿತು. ಐದು ಮೂಟೆಯಲ್ಲಿ ಏನು ಅಂತ ಎತ್ತುತ್ತದೆ. ಈಗ ಎರಡು ಬಾಕಿ. ಆರರಲ್ಲಿ ಮೂರನೆಯದನ್ನು ಎತ್ತಿದರೆ ಓದುಗ ಮೊದಲನೆಯದನ್ನು ಮರೆಯುತ್ತಾನೆ, ಏಕೆಂದರೆ ನಡುವೆ ಎರಡು ದಿನ ಕಳೆದಿರುತ್ತದೆ. ಒಂದು ಹೊತ್ತಿಗೆ ಎರಡಕ್ಕಿಂತ ಹೆಚ್ಚು ಬಾಕಿ ಇಡಬೇಡಿ. ಆರನೇ ಕಂತು ನಾಯಿಯ ಬಾಕಿ ತೀರಿಸಲಿ, ಸದ್ದಿಲ್ಲದೆ ಮುಗಿಯಲಿ: "5.40. ನಾಯಿ ಗೇಟ್ ಆಚೆ ಕೂತೈತೆ. ಕರದ್ರೆ ಒಳಗೆ ಬರ್ತಿಲ್ಲ." ಪ್ರಶ್ನೆ ತೀರಿತು, ಭಯ ಮಾತ್ರ ಉಳಿಯಿತು.

ಬೆಳ್ಳಿ ಬೆಳಗು

"ಕರದ್ರೆ ಒಳಗೆ ಬರ್ತಿಲ್ಲ" ಅದೂ ಬಾಂಬೇ ಅಲ್ಲವಾ? ನನ್ನ ಪ್ರಕಾರ ಎರಡು ಕಂತಾದರೂ ಬರೀ "ಎಲ್ಲ ಸರಿ ಐತೆ" ಅಂತ ಮುಗಿಯಬೇಕು.

ಕರಡುಕೈ

ಇಡೀ ಒಂದು ರಾತ್ರಿ ಏನೂ ಆಗದ ಕಂತು ಹಾಕಿದರೆ ಅವತ್ತು ಹೊಸದಾಗಿ ಬಂದವನು ಮತ್ತೆ ಬರುವುದಿಲ್ಲ. ಇದರಲ್ಲಿ ನಿಮಗೂ ನನಗೂ ಒಮ್ಮತ ಬರಲಿಕ್ಕಿಲ್ಲ, ಬಿಡಿ.

ಇನ್ನೊಂದು ಹೇಳಬೇಕಿತ್ತು. ಕನ್ನಡದಲ್ಲಿ ಬಂದದ್ದು ಯಾರು ಅಂತ ಮುಚ್ಚಿಡುವುದು ಕಷ್ಟ, ಕ್ರಿಯಾಪದವೇ ಬಾಯಿಬಿಡುತ್ತದೆ: ಬಂದ, ಬಂದಳು, ಬಂತು. "ಯಾರೋ ಬಂದ್ರು" ಅಂದರೆ ಮಾತ್ರ ಗಂಡು ಹೆಣ್ಣು ತಿಳಿಯದು. ಇದನ್ನು ತೊಡಕು ಅಂದುಕೊಳ್ಳುವ ಬದಲು ಕೊನೆಯ ಸಾಲಿಗೆ ಬಳಸಿಕೊಳ್ಳಬಹುದು. ಒಂಬತ್ತನೇ ಕಂತಿಗೆ ಒಂದು ಸಲಹೆ:

"2.05. ಸಾಹುಕಾರ್ರು ಬಂದ್ರು. ಕಾರಿಲ್ಲ, ನಡ್ಕಂಡೇ ಬಂದ್ರು. ನಮಸ್ಕಾರ ಅಂದೆ. ಮಾತಾಡ್ಲಿಲ್ಲ. ಮೂರನೇ ಗೋದಾಮಿನ ತಾವ ಹೋದ್ರು. ಬೀಗ ತಗೀಲಿಲ್ಲ. ಒಳಕ್ಕೆ ಹೋತು."

"ಬಂದ್ರು, ಹೋದ್ರು" ಅನ್ನುತ್ತಿದ್ದವನು ಕೊನೆಗೆ "ಹೋತು" ಅಂದ. ದೆವ್ವ ಅಂತ ಒಂದು ಪದವನ್ನೂ ಬರೆಯಲಿಲ್ಲ. ಆದರೆ ಇದಕ್ಕೆ ಒಂದು ಷರತ್ತು. ಹಿಂದಿನ ಎಂಟು ಕಂತಿನಲ್ಲಿ ಎಲ್ಲಾದರೂ ಒಮ್ಮೆ "ಸಾಹುಕಾರ ಬಂದ" ಅಂತ ಜಾರಿದ್ದರೆ, ಇದೂ ಅಂಥದ್ದೇ ಅಸಡ್ಡೆ ಅಂತ ಓದುಗ ದಾಟಿಹೋಗುತ್ತಾನೆ. ಎಂಟು ದಿನ ಮರ್ಯಾದೆಯ ಬಹುವಚನ ಒಂದೂ ತಪ್ಪದೆ ಬಂದಿದ್ದರೆ ಮಾತ್ರ ಒಂಬತ್ತನೇ ದಿನದ "ಹೋತು" ಚುಚ್ಚುತ್ತದೆ.

ಹಾವೇರಿ ಬಿಸಿಲು

ಸಿಟ್ಟು ಬಂದಾಗ ಮನಷ್ಯಾರಿಗೂ "ಬಂತು ನೋಡು" ಅಂತೀವಲ್ರೀ. ಬೈದಂಗ ಓದಿಕೊಂಡ್ರ ಏನ್ ಮಾಡೂದು?

ಕರಡುಕೈ

ಆ ಅಪಾಯ ಇದೆ. ಅದಕ್ಕೇ ಹಿಂದಿನ ಸಾಲು "ಬೀಗ ತಗೀಲಿಲ್ಲ". ಅದನ್ನು ತೆಗೆದರೆ ನೀವು ಹೇಳಿದ ಹಾಗೆಯೇ ಓದಿಸಿಕೊಳ್ಳುತ್ತದೆ.

ಸುತ್ತೂರ ಗಾಳಿ

ಸರಿ, ರೀಲ್ಸ್ ಬಿಡಿ. ಕಂತಿನ ಸಂಖ್ಯೆ ಹೇಗೆ ಹಾಕುತ್ತೀರಿ? 5/12 ಅಂತಲಾ, ಬರೀ 5 ಅಂತಲಾ?

ತುಂಗೆಯಂಚು

ಈಗ 5/12 ಅಂತ ಹಾಕುತ್ತಿದ್ದೇನೆ.

ಬೆಳ್ಳಿ ಬೆಳಗು

ಅದು ತಪ್ಪು ಅನ್ನುತ್ತೇನೆ. ಇನ್ನೂ ಏಳು ಬಾಕಿ ಇದೆ ಅಂತ ಗೊತ್ತಾದರೆ ಕಾವಲುಗಾರ ಐದರಲ್ಲಿ ಸಾಯುವುದಿಲ್ಲ ಅಂತಲೂ ಗೊತ್ತಾಗುತ್ತದೆ. ಬರೀ 5 ಹಾಕಿ.

ಹಳೇ ಸಂಚಿಕೆ

ನನಗೆ ಉಲ್ಟಾ. ಅರ್ಧಕ್ಕೆ ನಿಂತುಹೋದ ಕಂತಿನ ಕತೆಗಳು ಎಷ್ಟೋ. 12 ಅಂತ ಕಂಡರೆ ಧೈರ್ಯವಾಗಿ ಶುರು ಮಾಡಬಹುದು. ಮುಗಿಯುವ ದಿನ ಗೊತ್ತಿರುವುದು ಓದುಗನಿಗೆ ಕೊಡುವ ಮಾತು.

ಎಣಿಕೆಪಟ್ಟಿ

ಮೊದಲ ಕಂತಿನ ಕೆಳಗೆ ಒಮ್ಮೆ "ಹನ್ನೆರಡು ರಾತ್ರಿ" ಅಂತ ಹೇಳಿ, ಆಮೇಲೆ ಬರೀ ಸಂಖ್ಯೆ ಹಾಕಬಹುದು. ಅದಕ್ಕಿಂತ ಮುಖ್ಯ, ಕೊಂಡಿ ಹಾಕುವ ರೀತಿ. ಹೊಸ ಕಂತನ್ನು ಹಿಂದಿನ ಕಂತಿಗೆ ಉತ್ತರವಾಗಿ ಹಾಕಿ, ಮೊದಲನೆಯದಕ್ಕಲ್ಲ. ಎಲ್ಲವನ್ನೂ ಮೊದಲನೆಯದಕ್ಕೇ ಉತ್ತರವಾಗಿ ಹಾಕಿದರೆ ಅವು ಸರಪಳಿಯಾಗದೆ ಕೊಂಬೆಗಳಾಗುತ್ತವೆ, ಐದು ಓದಿದವನಿಗೆ ಕೆಳಗೆ ಆರು ಕಾಣುವುದಿಲ್ಲ. ಮೊದಲ ಕಂತನ್ನು ಪ್ರೊಫೈಲಿನಲ್ಲಿ ಪಿನ್ ಮಾಡಿಡಿ.

ನಡುವಿನ ಕಂತನ್ನು ಎಂದೂ ಅಳಿಸಬೇಡಿ. ಮೂರನ್ನು ಅಳಿಸಿದರೆ ನಾಲ್ಕರಿಂದ ಮುಂದಿನದೆಲ್ಲ ಇಲ್ಲದ ಪೋಸ್ಟಿಗೆ ತೂಗಿಕೊಂಡು ಉಳಿಯುತ್ತವೆ. ಉಚಿತ ಖಾತೆಯಲ್ಲಿ ತಿದ್ದುವುದಕ್ಕೂ ಬರುವುದಿಲ್ಲ, ಹಣ ಕೊಟ್ಟವರಿಗೂ ಹಾಕಿದ ಸ್ವಲ್ಪ ಹೊತ್ತು ಮಾತ್ರ.

ಕುಡ್ಲ ಕಡಲು

ಬ್ಲೂಸ್ಕೈಯಲ್ಲಿ 300 ಅಲ್ವಾ? ಅಲ್ಲಿಗೆ ಹೋದರೆ 20 ಹೆಚ್ಚು ಸಿಗ್ತದೆ.

ಎಣಿಕೆಪಟ್ಟಿ

20 ಅಲ್ಲ, ಅದಕ್ಕಿಂತ ಬಹಳ ಹೆಚ್ಚು. ಅಲ್ಲಿ ಗುಣಿತದ ಚಿಹ್ನೆಯನ್ನು ಬೇರೆಯಾಗಿ ಎಣಿಸುವುದಿಲ್ಲ, "ಕಿಟಕಿ" ಅಲ್ಲಿ ಮೂರೇ. ಮಾಸ್ಟೊಡಾನಿನಲ್ಲಿ ಸಾಮಾನ್ಯವಾಗಿ 500. ಎಕ್ಸ್‌ಗೆ ಅಳೆದು ಬರೆದ ಕಂತು ಎರಡೂ ಕಡೆ ಹಿಡಿಯುತ್ತದೆ, ಅಲ್ಲಿ ಬರೆದದ್ದು ಇಲ್ಲಿ ಹಿಡಿಯದು.

ಮಂಡಿ ಲೆಕ್ಕ

ನಾಲ್ಕನೇ ಕಂತು ಮತ್ತೊಮ್ಮೆ ಓದಿದೆ. "3.00. ಗೇಟ್ ಬೀಗ ಸರಿ ಇದೆ. ನಾಯಿ ಇಲ್ಲ." ಇದು ಹೇಗೆ? ಉಳಿದ ಕಡೆಯೆಲ್ಲ "ಐತೆ".

ತುಂಗೆಯಂಚು

ಅಯ್ಯೋ, ಅದು ನನ್ನ ಕಣ್ಣಿಗೆ ಬೀಳಲೇ ಇಲ್ಲ. ತಿದ್ದಲು ಬರುವುದಿಲ್ಲ, ಅಳಿಸಿದರೆ ಕೊಂಡಿ ತಪ್ಪುತ್ತದೆ. ಏನು ಮಾಡಲಿ?

ಹಳೇ ಸಂಚಿಕೆ

ಹಾಗೇ ಬಿಡಿ, ಯಾರೂ ಗಮನಿಸುವುದಿಲ್ಲ.

ಕರಡುಕೈ

ಮಂಡಿ ಲೆಕ್ಕದವರು ಗಮನಿಸಿದರಲ್ಲ.

ತುಂಗೆಯಂಚು ಅವರೇ, ಕಾವಲು ಪುಸ್ತಕದ ಕತೆಗೆ ಒಂದು ಹಳೆಯ ತೊಡಕಿದೆ: ಬರೆಯುವವನಿಗೇ ಏನಾದರೂ ಆದರೆ ಕೊನೆಯ ಸಾಲು ಬರೆಯುವವರು ಯಾರು? ನಿಮಗೆ ಉತ್ತರ ಸಿಕ್ಕಿದೆ. ಹನ್ನೆರಡನೇ ಕಂತಿನಲ್ಲಿ ಹೊತ್ತು ಇರಲಿ, ಬೀಗ ಇರಲಿ, ಮೂಟೆ ಲೆಕ್ಕ ಇರಲಿ, ಎಲ್ಲವೂ ಅವನು ಬರೆಯುವ ಹಾಗೆಯೇ. ಬರೀ "ಐತೆ" ಬದಲು "ಇದೆ". ಪೆನ್ನು ಹಿಡಿದ ಕೈ ಬೇರೆ. ಹಿಂದಕ್ಕೆ ಹೋಗಿ ನೋಡಿದವನಿಗೆ ನಾಲ್ಕನೇ ರಾತ್ರಿ 3 ಗಂಟೆಗೂ ಅದೇ ಕೈ ಬರೆದಿತ್ತು ಅಂತ ಕಾಣುತ್ತದೆ, ನಾಯಿ ಕಾಣೆಯಾದ ರಾತ್ರಿ.

ಬೆಳ್ಳಿ ಬೆಳಗು

ಇದು ತಪ್ಪನ್ನು ಮುಚ್ಚಿಕೊಳ್ಳುವುದು. ಮೊದಲೇ ಯೋಚಿಸಿರದ ಸುಳಿವು ಸುಳಿವಲ್ಲ. ಅದೂ ಎಂಟು ದಿನದ ಹಿಂದಿನ ಒಂದು "ಇದೆ" ಯಾರ ನೆನಪಿನಲ್ಲಿರುತ್ತದೆ?

ಕರಡುಕೈ

ನೆನಪಿರುವುದು ಕಷ್ಟ, ಅದು ಸರಿ. ನಡುವೆ ಇನ್ನೊಂದು ಬೇಕು. ಎಂಟನೇ ಕಂತಿನಲ್ಲಿ ಹೊತ್ತಾರೆ ಅವನೇ ಬರೆಯಲಿ: "3.00ಕ್ಕೆ ಬೀಗ ನೋಡಿದ್ದು ಪುಸ್ತಕದಾಗೆ ಐತೆ. ನೋಡಿದ್ದು ನೆಪ್ಪಿಲ್ಲ." ಸಾಕು.

ಹಾವೇರಿ ಬಿಸಿಲು

ಹಂಗಾದ್ರ ಇನ್ನ ಮುಂದ ಒಂದೂ "ಇದೆ" ಬೀಳಬಾರದ್ರಿ, ಹನ್ನೆರಡರ ತನಕ.

ತುಂಗೆಯಂಚು

ಆರರಿಂದ ಹನ್ನೊಂದರ ತನಕದ ಕರಡು ತೆರೆದು ಹುಡುಕಿದೆ. "ಇದೆ" ಒಂಬತ್ತು ಕಡೆ, "ಸಾಹುಕಾರ ಬಂದ" ಏಳನೆಯದರಲ್ಲಿ ಒಂದು ಕಡೆ. ಕೂತು ತಿದ್ದುತ್ತೇನೆ. ಐದನೆಯದು ನಾಳೆ 9.30ಕ್ಕೆ, ಒಳಗಿಂದ ಹಾಕಿದ ಹೊಲಿಗೆಯೊಂದಿಗೆ. ಕೊನೆಯ ಕಂತಿನ "ಇದೆ" ಬಗ್ಗೆ ಇನ್ನೂ ತೀರ್ಮಾನ ಮಾಡಿಲ್ಲ, ಬೆಳ್ಳಿ ಬೆಳಗು ಅವರ ಮಾತೂ ಕೊರೆಯುತ್ತಿದೆ.

ಮಂಡಿ ಲೆಕ್ಕ

ಯಾವ ಅಡಿಕೆ ಅಂತ ಇನ್ನೂ ಹೇಳಲಿಲ್ಲ.

ತುಂಗೆಯಂಚು

ರಾಶಿ. ಆರನೆಯದರಲ್ಲಿ ಸೇರಿಸುತ್ತೇನೆ.